ಇಳಕಲ್ ಸೀರೆಯ ಕೆಂಪು ಇಳಿಸಿದ್ದು: ಲಾಂಡ್ರಿ ಟೇಬಲ್ಲಿನ ಎಂಟು ದಿನ

ದಾವಣಗೆರೆಯ ಒಂದು ಸಣ್ಣ ಲಾಂಡ್ರಿಯಲ್ಲಿ ನನಗೆ ಕೆಲಸ. ಒಗೆಯೋದು, ಗಂಜಿ ಹಾಕೋದು, ಇಸ್ತ್ರಿ, ಕಲೆ ತೆಗೆಯೋದು, ಎಲ್ಲಾ ನಾನೇ. ಬಟ್ಟೆಯ ಮೇಲೆ ಕೈ ಇಟ್ಟು ಇದು ಯಾವ ನೂಲು ಅಂತ ಹೇಳ್ತೀನಿ ಅನ್ನೋದು ಅಂಗಡಿಯಲ್ಲಿ ನನಗಿರುವ ಹೆಸರು. ಈ ಸಲ ಆ ಹೆಸರು ಅರ್ಧ ಹೋಯ್ತು, ಅರ್ಧ ಉಳೀತು. ಮುಂದೆ ಇಂಥದ್ದೇ ಸೀರೆ ಬಂದರೆ ನನಗೇ ಬೇಕಾಗುತ್ತೆ ಅಂತ ದಿನದ ಲೆಕ್ಕದಲ್ಲಿ ಬರೆದಿಡ್ತಿದ್ದೀನಿ.

ಭಾನುವಾರ, ಸಂಜೆ 6

ಬಾಗಿಲು ಹಾಕುವ ಹೊತ್ತಿಗೆ ಒಬ್ಬ ಅಮ್ಮ ಬಂದರು. ರಿಟೈರ್ಡ್ ಟೀಚರ್, ಹಳೇ ಗಿರಾಕಿ. ಕೈಯಲ್ಲಿ ಪ್ಲಾಸ್ಟಿಕ್ ಕವರ್, ಅದರೊಳಗೆ ಒದ್ದೆ ಸೀರೆ. "ತಮ್ಮಾ, ನಾನೇ ಕೆಡಿಸಿಕೊಂಡೆ" ಅಂದರು. ಊಟ ಮಾಡುವಾಗ ಸಾರು ಚೆಲ್ಲಿತ್ತಂತೆ. ಬಕೆಟ್ಟಿಗೆ ಸೋಪಿನ ಪುಡಿ ಹಾಕಿ, ಸೀರೆ ನೆನೆಸಿ, ಫೋನಿನಲ್ಲಿ ಮಾತಾಡ್ತಾ ಒಂದು ಗಂಟೆ ಮರೆತಿದ್ದಾರೆ.

ಬಿಡಿಸಿ ನೋಡಿದೆ. ಆರು ಗಜದ ಇಳಕಲ್. ನಿಂಬೆ ಹಳದಿ ಒಡಲು, ಮೆರೂನ್ ದಡಿ, ಕೆಂಪು ತೋಪತೆನಿ ಸೆರಗು, ಅಂದರೆ ಕೆಂಪಿನ ನಡುವೆ ಬಿಳಿ ಹಲ್ಲಿನ ಸಾಲು ನೆಯ್ದದ್ದು. ಸೆರಗಿನ ಬಿಳಿ ಹಲ್ಲುಗಳೆಲ್ಲ ಗುಲಾಬಿಯಾಗಿದ್ದವು. ಒಡಲಿನ ಮೇಲೆ ಮಡಿಕೆ ಬಿದ್ದಲ್ಲೆಲ್ಲ ಕೆಂಪು ಮೋಡದ ಹಾಗೆ ಹರಡಿತ್ತು. ಎಣಿಸಿದೆ, ಸಣ್ಣದು ದೊಡ್ಡದು ಸೇರಿ ಹನ್ನೊಂದು ಕಡೆ.

ನಮ್ಮ ಅಣ್ಣ, ಅಂದರೆ ಓನರ್, ಹಿಂದಿನಿಂದ ಕಣ್ಣಲ್ಲೇ ಬೇಡ ಅಂದ. ಬಿಲ್ಲಿನ ಹಿಂದೆ 'ಬಣ್ಣ ಬಿಟ್ಟರೆ ನಾವು ಜವಾಬ್ದಾರರಲ್ಲ' ಅಂತ ಪ್ರಿಂಟೇ ಇದೆ. ನಾನು ತಗೊಂಡೆ. ಎರಡು ಕಾರಣ. ಸೀರೆ ಇನ್ನೂ ಒದ್ದೆ ಇತ್ತು, ಮತ್ತು ಅದಕ್ಕೆ ಇಸ್ತ್ರಿ ಬಿದ್ದಿರಲಿಲ್ಲ. ಒಣಗಿಸಿ ಬಿಸಿ ಇಸ್ತ್ರಿ ಎಳೆದು ತಂದಿದ್ದರೆ ನಾನೂ ಕೈ ಮುಗಿಯುತ್ತಿದ್ದೆ. ಇನ್ನೊಂದು ವಿಷಯ ಅವರು ಹೋಗುವಾಗ ಹೇಳಿದ್ದು: "ನಮ್ಮವ್ವ ನನ್ನ ಮದುವೆಗೆ ಕೊಟ್ಟಿದ್ದು. ಸೆರಗು ಅಸಲಿ ರೇಷ್ಮೆ. ಹುಷಾರಪ್ಪ."

ಭಾನುವಾರ, ಸಂಜೆ 7: ಮೊದಲ ತಪ್ಪು

ನಾನು ಬಟ್ಟೆ ನೋಡೋದು ಎಡಗೈಯಲ್ಲಿ. ಬಲಗೈ ಇಸ್ತ್ರಿ ಹಿಡಿದು ಹಿಡಿದು ದಡ್ಡು ಕಟ್ಟಿದೆ, ಅದಕ್ಕೆ ಏನೂ ಗೊತ್ತಾಗಲ್ಲ. ಎಡಗೈಯಲ್ಲೂ ಬೆರಳ ತುದಿಯಲ್ಲ, ಬೆರಳಿನ ಹಿಂಬದಿ. ಅಪ್ಪ ಕಲಿಸಿದ್ದು ಹಾಗೆ. ಕರೆಂಟ್ ಹೋದಾಗ ಚಿಂದಿ ತುಂಡುಗಳನ್ನು ಕೈಗೆ ಕೊಟ್ಟು ಹೇಳು ಅನ್ನುತ್ತಿದ್ದ, ತಪ್ಪು ಹೇಳಿದರೆ ಆ ತುಂಡನ್ನು ರಾತ್ರಿ ದಿಂಬಿನ ಕೆಳಗೆ ಇಟ್ಟುಕೊಳ್ಳಬೇಕಿತ್ತು. ಒಣ ಬಟ್ಟೆಯಾದರೆ ಸುಲಭ. ರೇಷ್ಮೆ ಮುಟ್ಟಿದ ಸ್ವಲ್ಪ ಹೊತ್ತಿಗೆ ಕೈಯ ಬಿಸಿ ಹಿಡಿಯುತ್ತೆ, ಹಿಂಡಿದರೆ ಕರಕರ ಅನ್ನುತ್ತೆ. ಚಮಕ, ಅಂದರೆ ಆರ್ಟ್ ಸಿಲ್ಕ್, ಹೊಳಪು ಅಷ್ಟೇ ಇದ್ದರೂ ತಣ್ಣಗೇ ಇರುತ್ತೆ, ಜೋತು ಬೀಳುತ್ತೆ, ಮುಷ್ಟಿಯಲ್ಲಿ ಹಿಸುಕಿ ಬಿಟ್ಟರೆ ಸುಕ್ಕು ಹಾಗೇ ಕೂರುತ್ತೆ.

ಒದ್ದೆಯಾದರೆ ಲೆಕ್ಕ ಬೇರೆ. ರೇಷ್ಮೆ ಒದ್ದೆಯಾದಾಗ ಮೆತ್ತಗಾಗಿ ಕೈಗೆ ಅಂಟುತ್ತೆ. ಚಮಕ ನೀರು ಕುಡಿದು ಉಬ್ಬಿ ಗಡುಸಾಗುತ್ತೆ, ಹಸಿ ರಟ್ಟಿನ ಹಾಗೆ. ಈ ಸೆರಗು ಕೈಗೆ ಗಡುಸಾಗಿಯೇ ಸಿಕ್ಕಿತು. ನನ್ನ ಎಡಗೈ ಆಗಲೇ ಹೇಳಿತ್ತು. ಆದರೆ ಅಮ್ಮ ಸಾಬೂದಾನಿ ಗಂಜಿ ಹಾಕ್ತಾರೆ ಅಂತ ನನಗೆ ಗೊತ್ತು, ಸರಿ, ಈ ಗಡುಸು ಗಂಜಿಯದ್ದು ಅಂದುಕೊಂಡೆ. ಸೋಪಿನ ನೀರಲ್ಲಿ ಒಂದು ಗಂಟೆ ನೆಂದ ಮೇಲೂ ಗಂಜಿ ಅಷ್ಟು ಉಳಿಯುತ್ತಾ ಅಂತ ಯೋಚಿಸಲೇ ಇಲ್ಲ. ರೇಷ್ಮೆ ಅನ್ನೋ ಮಾತು ಕಿವಿಯಲ್ಲಿತ್ತು.

ರೇಷ್ಮೆಯ ಬಣ್ಣ ಸಾಮಾನ್ಯವಾಗಿ ಹುಳಿಯಲ್ಲಿ ಹಿಡಿಯುತ್ತೆ, ಸೋಡಾದಲ್ಲಿ ಬಿಡುತ್ತೆ. ಸೋಪಿನ ಪುಡಿಯಲ್ಲಿ ಸೋಡಾ ಇರುತ್ತೆ. ಹಾಗಾಗಿ ವಿನೆಗರ್ ಹಾಕಿದರೆ ಸೆರಗು ಬಣ್ಣ ಬಿಡೋದು ನಿಲ್ಲಿಸುತ್ತೆ ಅಂತ ಲೆಕ್ಕ ಹಾಕಿದೆ. 10 ಲೀಟರ್ ತಣ್ಣೀರಿಗೆ 100 ಎಂಎಲ್ ವಿನೆಗರ್, ಸೀರೆ ಪೂರ್ತಿ ಒಳಗೆ, ಹದಿನೈದು ನಿಮಿಷ.

ಐದನೇ ನಿಮಿಷಕ್ಕೇ ನೀರು ಬೀಟ್ರೂಟ್ ಬೇಯಿಸಿದ ಹಾಗೆ ಆಯ್ತು. ಬಣ್ಣ ನಿಲ್ಲೋದಿರಲಿ, ಇನ್ನೂ ಜಾಸ್ತಿ ಬಂತು.

ಭಾನುವಾರ, ಸಂಜೆ 7.15: ಎರಡನೇ ತಪ್ಪು, ಇದೇ ದೊಡ್ಡದು

ಗಾಬರಿಯಲ್ಲಿ ಸೀರೆಯನ್ನು ಒಡಲಿನ ಕಡೆ ಹಿಡಿದು ಸೀದಾ ಮೇಲೆತ್ತಿದೆ. ನೀರು ಕುಡಿದ ಸೆರಗಿನ ಭಾರವೆಲ್ಲ ಜೋತು ಬಿತ್ತು. ಇಳಕಲ್ಲಿನಲ್ಲಿ ಒಡಲಿಗೂ ಸೆರಗಿಗೂ ಹಾಸು, ಅಂದರೆ ಉದ್ದದ ಎಳೆ, ಒಂದೇ ಅಲ್ಲ. ಒಡಲಿನ ಹಾಸಿನ ಎಳೆಯನ್ನೂ ಸೆರಗಿನ ಹಾಸಿನ ಎಳೆಯನ್ನೂ ಒಂದರೊಳಗೊಂದು ಕುಣಿಕೆ ಹಾಕಿ ಸೇರಿಸಿರ್ತಾರೆ, ಕೊಂಡಿ ಅಂತಾರೆ ಅದಕ್ಕೆ. ಆ ಕೊಂಡಿಯ ಹತ್ತಿರ ಟಪ್ ಟಪ್ ಅಂತ ಸಣ್ಣ ಸದ್ದು. ಸದ್ದು ಅನ್ನೋದಕ್ಕಿಂತ ಬೆರಳಿಗೆ ಗೊತ್ತಾಗಿದ್ದು. ನೋಡಿದರೆ 4 ಸೆಂಟಿಮೀಟರ್ ಉದ್ದ ಬಿಟ್ಟುಕೊಂಡಿತ್ತು. ತುಂಡಾಗಿದ್ದೆಲ್ಲ ಕೆಂಪು ಎಳೆ. ಹಳದಿ ಎಳೆ ಒಂದೂ ಹೋಗಿರಲಿಲ್ಲ.

ಸೆರಗು ರೇಷ್ಮೆಯಲ್ಲ, ಚಮಕ ಇರಬೇಕು ಅಂತ ಆಗ ತಲೆಗೆ ಹೊಳೆಯಿತು.

ಸೀರೆಯನ್ನು ಬೆಂಚಿನ ಮೇಲೆ ಮಲಗಿಸಿದೆ. ಒಡಲಿನ ಪದರಗಳ ನಡುವೆ ಹಳೇ ಬಿಳಿ ಪಂಚೆ ಹಾಸಿದೆ, ಒಂದು ಪದರ ಇನ್ನೊಂದನ್ನು ಮುಟ್ಟಬಾರದು. ಸೆರಗನ್ನು ಉಪ್ಪುನೀರಲ್ಲಿ ಅದ್ದಿ, ಟವೆಲ್ ನಡುವೆ ಒತ್ತಿ, ಫ್ಯಾನ್ ಕೆಳಗೆ ಬಿಟ್ಟೆ. ಉಪ್ಪು ಬಣ್ಣವನ್ನು ಶಾಶ್ವತ ಗಟ್ಟಿ ಮಾಡಲ್ಲ, ಹಾಗೆ ನಂಬಿದವರು ತುಂಬ ಜನ ಇದ್ದಾರೆ. ಚಮಕಕ್ಕೂ ಹತ್ತಿಗೂ ಹಾಕುವ ಇಂಥ ಬಣ್ಣವನ್ನು ಉಪ್ಪು ನೀರಲ್ಲಿರುವಷ್ಟು ಹೊತ್ತು ಎಳೆಯೊಳಗೇ ತಳ್ಳಿ ಹಿಡಿಯುತ್ತೆ, ಅಷ್ಟೇ. ನನಗೆ ಬೇಕಿದ್ದದ್ದೂ ಅಷ್ಟೇ. ಬಿಟ್ಟುಕೊಂಡ ಕೊಂಡಿಗೆ ದೊಡ್ಡ ದೊಡ್ಡ ಹೊಲಿಗೆ ಹಾಕಿ ತಾತ್ಕಾಲಿಕವಾಗಿ ಹಿಡಿಸಿದೆ.

ಸೋಮವಾರ: ಮೊದಲೇ ಮಾಡಬೇಕಿದ್ದ ಪರೀಕ್ಷೆ

ಸೆರಗಿನ ಕುಚ್ಚಿನಿಂದ ಎರಡು ಎಳೆ, ಒಡಲಿನ ಒಳತುದಿಯಿಂದ ಎರಡು ಎಳೆ ತೆಗೆದೆ.

ಮೊದಲನೇದು ಉಗುಳಿನ ಪರೀಕ್ಷೆ. ಒಣ ಎಳೆಯ ನಡುವೆ ಮಾತ್ರ ಉಗುಳು ಹಚ್ಚಿ ಎರಡೂ ತುದಿ ಹಿಡಿದು ನಿಧಾನ ಎಳೆಯೋದು. ಕೆಂಪು ಎಳೆ ಸರಿಯಾಗಿ ಒದ್ದೆ ಇದ್ದ ಜಾಗದಲ್ಲೇ ತುಂಡಾಯ್ತು. ಚಮಕ ಒದ್ದೆಯಾದರೆ ಅದರ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತೆ. ರೇಷ್ಮೆಯೂ ಸ್ವಲ್ಪ ಇಳಿಯುತ್ತೆ, ಇಷ್ಟಲ್ಲ. ಹಳದಿ ಎಳೆ ಒದ್ದೆ ಜಾಗ ಬಿಟ್ಟು ಬೇರೆ ಕಡೆ ತುಂಡಾಯ್ತು. ಹತ್ತಿ ಒದ್ದೆಯಾದರೆ ಇನ್ನೂ ಗಟ್ಟಿ, ಅದಕ್ಕೇ ಅಪ್ಪನ ಕಾಲದಲ್ಲಿ ಹತ್ತಿ ಬಟ್ಟೆಯನ್ನು ಉಬ್ಬೆ ಹಾಕಿ ಕಲ್ಲಿಗೆ ಬಡಿದರೂ ಬಾಳುತ್ತಿತ್ತು.

ಎರಡನೇದು ಬೆಂಕಿ. ಕೆಂಪು ಎಳೆ ಕಾಗದದ ಹಾಗೆ ಉರಿದು ಮೆತ್ತನೆ ಬೂದಿಯಾಯ್ತು, ವಾಸನೆಯೂ ಕಾಗದದ್ದೇ. ರೇಷ್ಮೆ ಆಗಿದ್ದರೆ ಕೂದಲು ಸುಟ್ಟ ವಾಸನೆ ಬರಬೇಕಿತ್ತು. ಪಾಲಿಯೆಸ್ಟರ್ ಆಗಿದ್ದರೆ ಕರಗಿ ಗಟ್ಟಿ ಮಣಿ ಆಗಬೇಕಿತ್ತು. ಎರಡೂ ಇಲ್ಲ.

ಸೆರಗು ಚಮಕ, ಒಡಲು ಹತ್ತಿ. ಎರಡರಲ್ಲೂ ರೇಷ್ಮೆ ಇಲ್ಲ. ವಿನೆಗರ್ ಯಾಕೆ ಕೆಲಸ ಮಾಡಲಿಲ್ಲ ಅಂತ ಈಗ ಗೊತ್ತಾಯ್ತು, ಈ ಬಣ್ಣಕ್ಕೆ ಹುಳಿ ಲೆಕ್ಕಕ್ಕೇ ಇಲ್ಲ.

ದಡಿ ಉಳಿದಿತ್ತು. ಒದ್ದೆ ಬಿಳಿ ಬಟ್ಟೆಯನ್ನು ದಡಿಯ ಮೇಲಿಟ್ಟು ಹೆಬ್ಬೆರಳಲ್ಲಿ ಒಂದು ನಿಮಿಷ ಒತ್ತಿ ಹಿಡಿದೆ. ಬಟ್ಟೆಗೆ ಏನೂ ಹತ್ತಲಿಲ್ಲ. ಬಣ್ಣ ಬಿಡ್ತಿರೋದು ಸೆರಗು ಮಾತ್ರ.

ಅಣ್ಣ ಬಣ್ಣ ಕೀಳುವ ಹೈಡ್ರೋಸ್ ಪುಡಿ ಹಾಕು, ಒಂದೇ ಸಲಕ್ಕೆ ಕಲೆ ಹೋಗುತ್ತೆ ಅಂದ. ಒಂದು ಹಳದಿ ಎಳೆಯನ್ನು ಚಮಚದಲ್ಲಿ ಹೈಡ್ರೋಸ್ ಕಲಸಿದ ಬಿಸಿನೀರಿಗೆ ಹಾಕಿ ತೋರಿಸಿದೆ. ಒಂದು ನಿಮಿಷಕ್ಕೆ ಎಳೆ ಬೆಳ್ಳಗಾಯ್ತು. ಅಣ್ಣ ಸುಮ್ಮನೆ ಚಹಾ ಕುಡಿಯೋಕೆ ಹೋದ.

ಅಂಗಡಿಯಲ್ಲಿ ಡೈ ಫಿಕ್ಸರ್ ಬಾಟಲಿಯೂ ಇತ್ತು. ಬಣ್ಣ ಬಿಡುವ ಹತ್ತಿಗೂ ಚಮಕಕ್ಕೂ ಅದೇ ಸರಿಯಾದ ಮದ್ದು. ಆದರೆ ಈಗಲೇ ಹಾಕಿದರೆ ಸೆರಗಿನ ಬಣ್ಣದ ಜೊತೆ ಒಡಲಿನ ಕಲೆಯೂ ಶಾಶ್ವತವಾಗಿ ಕೂರುತ್ತೆ. ಹಾಗಾಗಿ ಮೊದಲು ಒಡಲಿನ ಕಲೆ ಇಳಿಸಬೇಕು, ಅಲ್ಲಿಯವರೆಗೆ ಸೆರಗಿಗೆ ಒಂದು ಹನಿ ನೀರು ತಾಗಬಾರದು, ಫಿಕ್ಸರ್ ಕೊನೆಗೆ. ಬಾಟಲಿ ತಿರುಗಿಸಿ ಶೆಲ್ಫಿನಲ್ಲಿಟ್ಟೆ.

ಮಂಗಳವಾರ: ಮೂರನೇ ತಪ್ಪು

ಸೆರಗು ಒಣಗಿತ್ತು. ಎರಡು ಇಂಚಿನ ಪಿವಿಸಿ ಪೈಪ್ ತುಂಡಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಸೆರಗನ್ನು ಬಿಳಿ ಬಟ್ಟೆಯ ಜೊತೆ ಸುರುಳಿ ಸುತ್ತಿದೆ. ಮೇಲೆ ಇನ್ನೊಂದು ಪ್ಲಾಸ್ಟಿಕ್. ಕೊಂಡಿಯ ಪಕ್ಕದಲ್ಲೇ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು, ಒಡಲನ್ನು ಟಬ್ಬಿಗೆ ಇಳಿಸಿದೆ. ನೋಡೋಕೆ ಚೆನ್ನಾಗಿತ್ತು, ಸಮಾಧಾನವಾಗಿ ಬೇರೆ ಬಟ್ಟೆ ಇಸ್ತ್ರಿ ಮಾಡ್ತಾ ನಿಂತೆ.

ನಲವತ್ತು ನಿಮಿಷ ಬಿಟ್ಟು ಬಿಚ್ಚಿದರೆ ಕೊಂಡಿಯ ಉದ್ದಕ್ಕೂ ಹೊಸ ಗುಲಾಬಿ ಗೆರೆ. ಟ್ಯೂಬು ಎಷ್ಟೇ ಬಿಗಿದರೂ ನೀರು ಹೊರಗಿನಿಂದ ಹೋಗಲ್ಲ, ಎಳೆಯೊಳಗಿಂದ ಹತ್ತುತ್ತೆ, ದೀಪದ ಬತ್ತಿಗೆ ಎಣ್ಣೆ ಹತ್ತುವ ಹಾಗೆ. ಹತ್ತಿಯಿಂದ ಚಮಕಕ್ಕೆ ಹೋಗಿ, ಬಣ್ಣ ಕರಗಿಸಿ, ವಾಪಸ್ ಇಳಿದಿತ್ತು. ಬತ್ತಿ ಹೊಸೆಯುವ ಮನೆಯಲ್ಲಿ ಬೆಳೆದವನಿಗೆ ಇದು ಹೊಳೆಯಬೇಕಿತ್ತು.

ಬುಧವಾರ: ಕೆಲಸ ಹಿಡಿಯಿತು

ಈ ಸಲ ಸುರುಳಿಯನ್ನು ಟಬ್ಬಿನ ಮೇಲೆ ಒಂದೂವರೆ ಅಡಿ ಎತ್ತರದಲ್ಲಿ ಅಡ್ಡ ಕೋಲಿಗೆ ಕಟ್ಟಿದೆ. ಕೊಂಡಿಯ ಕೆಳಗೆ ಒಂದು ಗೇಣು ಒಡಲನ್ನು ಒಣಗಿದ ಹಾಗೇ ಬಿಟ್ಟೆ. ಆ ಗೇಣಿನ ಕೆಳ ತುದಿಗೆ ಒಣ ಬಿಳಿ ಬಟ್ಟೆಯ ಪಟ್ಟಿ ಸುತ್ತಿದೆ. ಮೇಲಕ್ಕೆ ಹತ್ತಿ ಬರುವ ನೀರನ್ನು ಅದು ಕುಡಿಯಬೇಕು, ಒದ್ದೆಯಾದ ಕೂಡಲೇ ಬದಲಾಯಿಸಬೇಕು. ಅರ್ಧ ದಿನದಲ್ಲಿ ಒಂಬತ್ತು ಪಟ್ಟಿ ಬದಲಾಯಿಸಿದೆ. ಇದಕ್ಕಿಂತ ಬೇಜಾರಿನ ಕೆಲಸ ಇನ್ನೊಂದಿಲ್ಲ, ಆದರೆ ಒಂದು ಹನಿಯೂ ಸೆರಗಿಗೆ ಹೋಗಲಿಲ್ಲ.

ನೀರು ನಮ್ಮ ಬೋರ್‌ವೆಲ್ಲಿನದು ಬೇಡ ಅಂದುಕೊಂಡೆ. ಗಡಸು ನೀರಲ್ಲಿ ಉಪ್ಪಿನಂಶ ಜಾಸ್ತಿ, ಅದು ಬಣ್ಣವನ್ನು ಹಿಡಿದಿಟ್ಟುಕೊಳ್ಳುತ್ತೆ. ಇಲ್ಲಿ ಬಣ್ಣ ಬಿಡಬೇಕಲ್ವಾ. ಐದು ಕ್ಯಾನ್ ಕುಡಿಯುವ ನೀರು ತರಿಸಿದೆ. ಪ್ರತಿ ಸಲ 12 ಲೀಟರ್, 45 ಡಿಗ್ರಿ ಬಿಸಿ, ಸೋಡಾ ಇಲ್ಲದ ಲಿಕ್ವಿಡ್ ಸೋಪು ಎರಡು ಚಮಚ. ಇಪ್ಪತ್ತು ನಿಮಿಷ, ಅಷ್ಟೂ ಹೊತ್ತು ಕೈಯಲ್ಲಿ ಆಡಿಸ್ತಾ ಇರಬೇಕು. ಸುಮ್ನೆ ಬಿಟ್ಟರೆ ಬಿಟ್ಟ ಬಣ್ಣ ಇನ್ನೊಂದು ಕಡೆ ಹೋಗಿ ಕೂರುತ್ತೆ. ಆಮೇಲೆ ನೀರು ಚೆಲ್ಲಿ ಹೊಸ ನೀರು.

ಪ್ರತಿ ಸಲದ ನೀರನ್ನೂ ಒಂದೊಂದು ಗಾಜಿನ ಲೋಟದಲ್ಲಿ ಹಿಡಿದು ಕಿಟಕಿಯಲ್ಲಿ ಸಾಲಾಗಿ ಇಟ್ಟೆ. ಮೊದಲನೇದು ದಾಳಿಂಬೆ ಶರಬತ್ತು. ಎರಡನೇದು ರೋಸ್ ಮಿಲ್ಕಿಗೆ ಹಾಲು ಮರೆತ ಹಾಗೆ. ನಾಲ್ಕನೇದು ಬೆಳಕಿಗೆ ಹಿಡಿದರೆ ಮಾತ್ರ ಗುಲಾಬಿ. ಆರನೇದು ನೀರೇ. ಅಲ್ಲಿಗೆ ನಿಲ್ಲಿಸಿದೆ. ಬಣ್ಣ ಬರ್ತಾ ಇದೆಯಾ ಇಲ್ಲವಾ ಅಂತ ಒದ್ದೆ ಬಟ್ಟೆ ನೋಡಿ ಹೇಳೋಕಾಗಲ್ಲ, ಒದ್ದೆ ಇದ್ದಾಗ ಎಲ್ಲ ಕಲೆಯೂ ಗಾಢ ಕಾಣುತ್ತೆ. ಲೋಟ ಸುಳ್ಳು ಹೇಳಲ್ಲ.

ನೆರಳಲ್ಲಿ ಒಣಗಿಸಿದ ಮೇಲೆ ಹನ್ನೊಂದರಲ್ಲಿ ಎಂಟು ಕಲೆ ಪೂರ್ತಿ ಹೋಗಿದ್ದವು. ಮೂರು ಉಳಿದಿದ್ದವು.

ಗುರುವಾರ

ಉಳಿದ ಮೂರಕ್ಕೆ ಆಕ್ಸಿಜನ್ ಬ್ಲೀಚ್ ಪುಡಿ. ಮೊದಲು ಸೊಂಟಕ್ಕೆ ಸಿಕ್ಕಿಸುವ ಒಳ ಮೂಲೆಯಲ್ಲಿ ಹಚ್ಚಿ ಹದಿನೈದು ನಿಮಿಷ ನೋಡಿದೆ, ಹಳದಿ ಅಲ್ಲಾಡಲಿಲ್ಲ. ಲೀಟರಿಗೆ ಒಂದು ಟೀ ಚಮಚ, ನೀರಿನ ಬಿಸಿ ಬುಧವಾರದಷ್ಟೇ, ಕಲೆ ಇರುವ ಭಾಗ ಮಾತ್ರ ಬೋಗುಣಿಯಲ್ಲಿ ಅರ್ಧ ಗಂಟೆ. ಎರಡು ಹೋದವು. ಮೂರನೇದು, ಮೊಣಕಾಲ ಹತ್ತಿರ ಬರುವಂಥದ್ದು, ಮಸುಕಾಯ್ತು ಅಷ್ಟೇ. ಇನ್ನೊಂದು ಸುತ್ತು ಹಾಕೋಣ ಅಂತ ಕೈ ಹೋಯ್ತು. ಆದರೆ ಹಳದಿಯ ಮೇಲೆ ಬೆರಳಾಡಿಸಿದರೆ ಆ ಜಾಗ ಪಕ್ಕದ ಬಟ್ಟೆಗಿಂತ ಸ್ವಲ್ಪ ಒರಟು ಅನ್ನಿಸಿತು. ಈ ಸಲ ಕೈ ಹೇಳಿದ್ದನ್ನು ಕೇಳಿ ನಿಲ್ಲಿಸಿದೆ.

ಒಣಗಿ ಬಿಟ್ಟಿದ್ದ ಆ ಒಂದು ಗೇಣು, ಮಂಗಳವಾರದ ನನ್ನ ಗುಲಾಬಿ ಗೆರೆ ಇದ್ದದ್ದು ಅಲ್ಲೇ. ಕೆಳಗೆ ಟವೆಲ್ ಇಟ್ಟು, ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಸೋಪಿನ ಬಿಸಿನೀರಲ್ಲಿ ಅದ್ದಿ, ಒತ್ತಿ ತೆಗೆಯೋದು, ಉಜ್ಜೋದಲ್ಲ. ಎರಡು ಗಂಟೆ, ಒಂದು ಪ್ಯಾಕೆಟ್ ಕಡ್ಡಿ. ಮುಕ್ಕಾಲು ಪಾಲು ಹೋಯ್ತು.

ಶುಕ್ರವಾರ: ಈಗ ಸೆರಗು

ತಲೆಕೆಳಗು ಮಾಡಿದೆ. ಒಡಲನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮೇಲೆ ಕಟ್ಟಿ, ಸೆರಗು ಮಾತ್ರ ಕೆಳಗೆ. ಸೆರಗಿನ ಬಿಳಿ ಹಲ್ಲುಗಳ ಗುಲಾಬಿ ಹೋಗಲ್ಲ ಅಂತ ಆಗಲೇ ಗೊತ್ತಿತ್ತು. ಕೆಂಪೂ ಬಿಳಿಯೂ ಅಲ್ಲಿ ಒಂದೇ ನೆಯ್ಗೆಯಲ್ಲಿವೆ, ಬಿಳಿಯಿಂದ ತೆಗೆಯೋಕೆ ಹೋದರೆ ಕೆಂಪು ಮತ್ತೆ ಬರುತ್ತೆ. ಎರಡು ಸಲ ತಣ್ಣೀರಲ್ಲಿ ಬೇಗ ಬೇಗ ಅದ್ದಿ ತೆಗೆದೆ, ಸಡಿಲ ಬಣ್ಣ ಹೋಯ್ತು, ಹಲ್ಲುಗಳು ತಿಳಿ ಗುಲಾಬಿಯಲ್ಲೇ ನಿಂತವು.

ಆಮೇಲೆ ಫಿಕ್ಸರ್: 3 ಲೀಟರ್ ನೀರಿಗೆ 10 ಎಂಎಲ್, 40 ಡಿಗ್ರಿ, ಇಪ್ಪತ್ತು ನಿಮಿಷ. ಎತ್ತುವಾಗ ಕೆಳಗಿನಿಂದ ಎರಡೂ ಅಂಗೈಯಲ್ಲಿ, ಬಾಣಂತಿ ಮನೆಯಲ್ಲಿ ಕೂಸನ್ನು ಎತ್ತಿದ ಹಾಗೆ. ಹಿಂಡಲಿಲ್ಲ, ಟವೆಲ್ಲಿನಲ್ಲಿ ಸುತ್ತಿ ಒತ್ತಿದೆ. ಒಣಗಿದ ಮೇಲೆ ಕೆಂಪು ಒಂದು ಚೂರು ಮಂಕಾಗಿತ್ತು, ಮೈ ಮೇಣ ಸವರಿದ ಹಾಗೆ ಅನ್ನಿಸಿತು. ಬಿಳಿ ಬಟ್ಟೆ ಒತ್ತಿ ನೋಡಿದರೆ ಇನ್ನೂ ಒಂದು ಉಸಿರಿನಷ್ಟು ಬಣ್ಣ ಬರುತ್ತೆ. ಪೂರ್ತಿ ನಿಲ್ಲಲ್ಲ ಇದು.

ಶನಿವಾರ

ರಫೂ ಮಾಡುವ ಸಾಹೇಬರ ಹತ್ತಿರ ಹೋದೆ. ಕೊಂಡಿಯನ್ನು ಮೊದಲಿನ ಹಾಗೆ ಮಾಡೋಕೆ ಮಗ್ಗವೇ ಬೇಕು. ಅವರು ಕೆಂಪು ನೂಲಿನ ಒಂದೇ ಎಳೆಯಲ್ಲಿ, ಒಡಲಿನ ಪ್ರತಿ ಕುಣಿಕೆಯನ್ನೂ ಹಿಡಿದು ಸೆರಗಿನ ಒಳಕ್ಕೆ ಅರ್ಧ ಇಂಚು ಓಡಿಸಿ ಕಟ್ಟಿದರು. ಮುಂಭಾಗದಿಂದ ಕಾಣಲ್ಲ. ಹಿಂಭಾಗದಿಂದ ಬೆರಳಾಡಿಸಿದರೆ ಜೋಳದ ಕಾಳಿನಷ್ಟು ದಪ್ಪ ಏಣು ಸಿಗುತ್ತೆ. "ಯಾರು ಹರಿದಿದ್ದು?" ಅಂದರು. ನಾನೇ ಅಂದೆ. ಮುನ್ನೂರು ತಗೊಂಡರು, ಐವತ್ತು ಬಿಡ್ತಾರೇನೋ ಅಂದುಕೊಂಡಿದ್ದೆ.

ಸಂಜೆ ಒಡಲಿಗೆ ಮಾತ್ರ ತೆಳು ಸಾಬೂದಾನಿ ಗಂಜಿಯನ್ನು ಸ್ಪ್ರೇ ಹೊಡೆದೆ. ಸೆರಗಿಗೆ ಹಿಂಬದಿಯಿಂದ, ಮೇಲೆ ಬಟ್ಟೆ ಹಾಕಿ, ಸಾಧಾರಣ ಬಿಸಿಯ ಇಸ್ತ್ರಿ. ನೇರ ಎಳೆದರೆ ಚಮಕ ಕನ್ನಡಿ ಹೊಳಪು ಹೊಡೆಯುತ್ತೆ.

ಖರ್ಚು: ನೀರಿನ ಕ್ಯಾನ್ ಐದು, 150. ವಿನೆಗರ್ 35, ದಂಡ. ಆಕ್ಸಿಜನ್ ಬ್ಲೀಚ್ 60. ಹತ್ತಿ ಕಡ್ಡಿ 40. ರಫೂ 300. ಒಟ್ಟು 585. ಫಿಕ್ಸರ್ ಅಂಗಡಿಯದ್ದೇ. ರಫೂ ದುಡ್ಡು ನನ್ನ ತಪ್ಪಿಗೆ, ಬಿಲ್ಲಿಗೆ ಸೇರಿಸಲಿಲ್ಲ. ಅಮ್ಮನಿಗೆ 300 ರೂಪಾಯಿ ಬಿಲ್ ಮಾಡಿದೆ. ಕೂಲಿ ಬಗ್ಗೆ ಅಣ್ಣ ಏನಂದ ಅಂತ ಇಲ್ಲಿ ಬರೆಯಲ್ಲ.

ಭಾನುವಾರ

ಬಿಲ್ಲಿನಲ್ಲಿ ಬಟ್ಟೆ ಯಾವುದು ಅಂತ ಬರೆಯಲೇಬೇಕು. ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತಿದ್ದೆ. ಬರೀ ಇಳಕಲ್ ಅಂತ ಬರೆದರೆ ಮುಗೀತಿತ್ತು. ಆದರೆ ಮುಂದಿನ ಸಲ ಅವರು ಬೇರೆಲ್ಲಾದರೂ ಕೊಟ್ಟು ರೇಷ್ಮೆ ಅಂದರೆ, ಅಲ್ಲಿಯವನೂ ನಾನು ಮಾಡಿದ್ದನ್ನೇ ಮಾಡ್ತಾನೆ. ಬರೆದೆ: ಇಳಕಲ್ ಸೀರೆ, ಒಡಲು ಹತ್ತಿ, ಸೆರಗು ಚಮಕ.

ಅಮ್ಮ ಬಂದು ಮೊದಲು ಸೀರೆ ಬಿಡಿಸಿದರು. ಕಲೆ ಎಲ್ಲಿತ್ತು ಅಂತ ಹುಡುಕಿದರು, ಮೊಣಕಾಲ ಹತ್ತಿರದ್ದು ಸಿಕ್ಕಿತು, ನೆರಿಗೆಯಲ್ಲಿ ಹೋಗುತ್ತೆ ಬಿಡು ಅಂದರು. ಗುಲಾಬಿ ಹಲ್ಲುಗಳನ್ನು ತೋರಿಸಿ ಇದು ಹೋಗಲ್ಲ ಅಂದೆ. ಕೊಂಡಿ ಹರಿದಿದ್ದು ನಾನು ಅಂತಲೂ ಹೇಳಿ, ಹಿಂಭಾಗ ತಿರುಗಿಸಿ ಏಣು ಮುಟ್ಟಿಸಿದೆ. ಇನ್ನು ಮೇಲೆ ಸೆರಗು ನೆನೆಸಲೇಬೇಡಿ, ಒಗೆದರೂ ತಣ್ಣೀರು, ಎತ್ತುವಾಗ ಕೆಳಗಿನಿಂದ ಹಿಡೀರಿ ಅಂದೆ. ಆಮೇಲೆ ಅವರು ಬಿಲ್ ಓದಿದರು.

"ಚಮಕಾನಾ?"

"ಹೌದಮ್ಮ. ಎಳೆ ಸುಟ್ಟೂ ನೋಡಿದೆ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಕ್ಕರು. "ನಮ್ಮವ್ವ ಇದನ್ನ ಮೂರು ಕಂತಿನಲ್ಲಿ ತಗೊಂಡಿದ್ದಳು ಗೊತ್ತಾ. ರೇಷ್ಮೆ ಅಂತ ಅಂಗಡಿಯವನು ಅವಳಿಗೆ ಹೇಳಿದ್ದೋ, ಅವಳು ನನಗೆ ಹೇಳಿದ್ದೋ." ಸೆರಗನ್ನು ಕೈಯಲ್ಲಿ ಹಿಡಿದು, ಬಿಟ್ಟು, ಮತ್ತೆ ಹಿಡಿದರು. "ತಣ್ಣಗಿದೆ ಅಲ್ವಾ ತಮ್ಮ?" ಅಂದರು. ತಣ್ಣಗಿದೆ ಅಂದೆ.

ಮುಂದಿನ ಗುರುವಾರ ಇನ್ನೊಂದು ಸೀರೆ ತಂದರು, ಒಣಗಿದ್ದು, ಪೇಪರಿನಲ್ಲಿ ಸುತ್ತಿದ್ದು. ಕೌಂಟರಿನ ಮೇಲಿಟ್ಟು ಕೈ ಕಟ್ಟಿ ನಿಂತರು.

"ಇದು ಏನು ಅಂತ ನಾನು ಹೇಳಲ್ಲ. ನೀನೇ ಮುಟ್ಟಿ ಹೇಳು."